ಹಳೆಯ ಟಿವಿಗೆ ಹೊಸ ಸೆಟ್‌ಟಾಪ್ ಬಾಕ್ಸ್: ಚಿತ್ರ ಬಂದರೆ ಸಾಲದು, ಅಕ್ಷರವೂ ಓದಲು ಬರಬೇಕು

ಕಾಸರಗೋಡಿನಿಂದ ಜತ್ತದವರೆಗೆ, ತಾಳವಾಡಿಯಿಂದ ಮಡಕಶಿರದವರೆಗೆ ಕನ್ನಡ ಮಾಧ್ಯಮದ ಮಕ್ಕಳಿರುವ ಅನೇಕ ಮನೆಗಳಲ್ಲಿ ಇಂದಿಗೂ ಪಿಕ್ಚರ್ ಟ್ಯೂಬಿನ ಹಳೆಯ ಟಿವಿಯೇ ಇದೆ. ಆ ಟಿವಿ ಕೆಟ್ಟಿಲ್ಲ. ಕೆಟ್ಟದ್ದು ಅದರ ಪಕ್ಕದಲ್ಲಿದ್ದ ಸೆಟ್‌ಟಾಪ್ ಬಾಕ್ಸ್. ಬದಲಿಗೆ ಹೊಸ ಬಾಕ್ಸ್ ಮನೆಗೆ ಬಂದಾಗ, ಟಿವಿಯ ಹಿಂದಿರುವ ಕೆಂಪು, ಬಿಳಿ, ಹಳದಿ ಸಾಕೆಟ್‌ಗಳಿಗೆ ಹೊಂದುವ ಮೂರು ಸಾಕೆಟ್‌ಗಳು ಅದರಲ್ಲಿ ಕಾಣುವುದಿಲ್ಲ. ಅಂಗಡಿಯವರು ಹೊಸ ಟಿವಿ ಕೊಳ್ಳಲು ಹೇಳುತ್ತಾರೆ. ಬಹುಪಾಲು ಸಂದರ್ಭಗಳಲ್ಲಿ ಅದರ ಅಗತ್ಯವಿಲ್ಲ.

ಗಡಿಯಾಚೆಯ ಕನ್ನಡಿಗರಿಗೆ ಇದು ಕೇವಲ ಮನರಂಜನೆಯ ವಿಷಯವಲ್ಲ. ಸ್ಥಳೀಯ ಕೇಬಲ್ ಪಟ್ಟಿಯಲ್ಲಿ ಕನ್ನಡ ವಾಹಿನಿಗಳು ಸಿಗದ ಊರುಗಳಲ್ಲಿಯೂ ಮಾಸಿಕ ಶುಲ್ಕವಿಲ್ಲದ ಡಿಡಿ ಫ್ರೀ ಡಿಶ್ ಮೂಲಕ ಚಂದನ ವಾಹಿನಿ ಬರುತ್ತದೆ. 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ಕರ್ನಾಟಕದ ‘ಸಂವೇದ’ ಪಾಠಗಳು ಪ್ರಸಾರವಾದದ್ದು ಅದೇ ವಾಹಿನಿಯಲ್ಲಿ. ‘ಥಟ್ ಅಂತ ಹೇಳಿ’ಯಂತಹ ರಸಪ್ರಶ್ನೆ ಕಾರ್ಯಕ್ರಮವನ್ನು ಮಕ್ಕಳು ಕೇಳುವುದಷ್ಟೇ ಅಲ್ಲ, ಪರದೆಯ ಮೇಲಿನ ಬರಹವನ್ನು ಓದುತ್ತಾರೆ ಕೂಡ. ಆದ್ದರಿಂದ ಈ ಲೇಖನದಲ್ಲಿ ನಾವು ಎರಡು ಸಂಗತಿಗಳನ್ನು ವಿವರಿಸುತ್ತೇವೆ: ಬಾಕ್ಸನ್ನು ಹಳೆಯ ಟಿವಿಗೆ ಸೇರಿಸುವುದು ಹೇಗೆ, ಮತ್ತು ಸೇರಿಸಿದ ಮೇಲೆ ಪಾಠದ ಅಕ್ಷರಗಳು ಒತ್ತಕ್ಷರ ಸಮೇತ ಓದಲು ಬರುವಂತೆ ಚಿತ್ರವನ್ನು ಹೊಂದಿಸುವುದು ಹೇಗೆ.

ಮೂರು ಬಣ್ಣಗಳ ಅರ್ಥ

ಹಳದಿ ಸಾಕೆಟ್ ಚಿತ್ರಕ್ಕೆ. ಬಿಳಿಯದು ಎಡಬದಿಯ ಧ್ವನಿಗೆ, ಕೆಂಪು ಬಲಬದಿಯ ಧ್ವನಿಗೆ. ತಂತಿಗಳ ಒಳಗೆ ಬಣ್ಣದಿಂದ ಯಾವ ವ್ಯತ್ಯಾಸವೂ ಇರುವುದಿಲ್ಲ; ಬಣ್ಣವು ನಮ್ಮ ಗುರುತಿಗಾಗಿ ಮಾತ್ರ. ಚಿತ್ರದ ಬೆಳಕು ಮತ್ತು ಬಣ್ಣ ಎರಡೂ ಹಳದಿಯ ಒಂದೇ ತಂತಿಯಲ್ಲಿ ಬೆರೆತು ಸಾಗುತ್ತವೆ. ಈ ಸಂಗತಿಯನ್ನು ನೆನಪಿಟ್ಟುಕೊಳ್ಳಬೇಕು. ಅಕ್ಷರಗಳು ಏಕೆ ಮಸುಕಾಗುತ್ತವೆ ಎಂಬುದಕ್ಕೆ ಉತ್ತರ ಇದರಲ್ಲಿಯೇ ಇದೆ.

ಕೆಲವು ಹಳೆಯ ಟಿವಿಗಳಲ್ಲಿ ಹಳದಿ ಮತ್ತು ಬಿಳಿ ಎರಡೇ ಇರುತ್ತವೆ. ಅಂತಹ ಟಿವಿ ಒಂದೇ ಧ್ವನಿಮಾರ್ಗದ್ದು. ಅಲ್ಲಿ ಕೆಂಪು ಪಿನ್ನನ್ನು ಸೇರಿಸದೆ ಬಿಡಬೇಕು. ಹೀಗೆ ಬಿಟ್ಟಾಗ ಮಾತು ಅಥವಾ ಹಿನ್ನೆಲೆಯ ಧ್ವನಿ ಕಡಿಮೆ ಕೇಳಿಸಿದರೆ, ಬಾಕ್ಸಿನ ಧ್ವನಿ ಪಟ್ಟಿಯಲ್ಲಿ Mono ಎಂಬುದನ್ನು ಆರಿಸಬೇಕು; ಆಗ ಎರಡು ಬದಿಯ ಧ್ವನಿಯೂ ಒಂದೇ ಪಿನ್ನಿನಲ್ಲಿ ಬರುತ್ತದೆ.

ಇನ್ನು ಕೆಲವು ಟಿವಿಗಳಲ್ಲಿ ಎರಡು ಕೆಂಪು ಸಾಕೆಟ್‌ಗಳಿದ್ದು ಗೊಂದಲ ಹುಟ್ಟಿಸುತ್ತವೆ. ಹಸಿರು ಮತ್ತು ನೀಲಿಯ ಪಕ್ಕದಲ್ಲಿರುವ ಕೆಂಪು ಬೇರೊಂದು ಬಗೆಯ ಚಿತ್ರಸಂಪರ್ಕಕ್ಕೆ ಸೇರಿದ್ದು, ಅದನ್ನು ಮುಟ್ಟಬಾರದು. ಬಿಳಿಯ ಪಕ್ಕದ ಕೆಂಪೇ ಧ್ವನಿಯದು. ಹಾಗೆಯೇ ಹಿಂಬದಿಯಲ್ಲಿ IN ಮತ್ತು OUT ಎಂದು ಎರಡು ಸಾಲುಗಳಿದ್ದರೆ IN ಎಂದಿರುವ ಸಾಲಿಗೇ ಪಿನ್ನುಗಳನ್ನು ಹಾಕಬೇಕು. OUT ಸಾಲು ಟಿವಿಯಿಂದ ಹೊರಹೋಗುವ ದಾರಿ. ಅದಕ್ಕೆ ಬಾಕ್ಸನ್ನು ಸೇರಿಸಿದರೆ ಏನೂ ಕಾಣದು.

ಮೊದಲು ಬಾಕ್ಸಿನ ಬೆನ್ನು ನೋಡಿ, ಆಮೇಲೆ ಅಂಗಡಿಗೆ ಹೋಗಿ

ಯಾವ ತಂತಿ ಬೇಕೆಂಬುದನ್ನು ನಿರ್ಧರಿಸುವುದು ಟಿವಿಯಲ್ಲ, ಬಾಕ್ಸ್. ಅದರ ಹಿಂಬದಿಯಲ್ಲಿ ಈ ಮೂರರಲ್ಲಿ ಒಂದು ಸ್ಥಿತಿ ಇರುತ್ತದೆ.

ಮೊದಲನೆಯದು, ಬಾಕ್ಸಿನಲ್ಲಿಯೂ ಮೂರು ಬಣ್ಣದ ಸಾಕೆಟ್‌ಗಳಿರುವುದು. ಆಗ ಎರಡೂ ತುದಿಯಲ್ಲಿ ಮೂರು ಮೂರು ಪಿನ್ನುಗಳಿರುವ ಸಾಮಾನ್ಯ ಎವಿ ಕೇಬಲ್ ಸಾಕು. ಬಣ್ಣಕ್ಕೆ ಬಣ್ಣ ಸೇರಿಸಿದರೆ ಕೆಲಸ ಮುಗಿಯಿತು.

ಎರಡನೆಯದು, ಮೂರು ಸಾಕೆಟ್‌ಗಳ ಬದಲು ಮೊಬೈಲಿನ ಇಯರ್‌ಫೋನ್ ಸಿಕ್ಕಿಸುವಂತಹ ಒಂದೇ ಚಿಕ್ಕ ದುಂಡು ರಂಧ್ರವಿರುವುದು. ಅದರ ಬಳಿ AV, AV OUT ಅಥವಾ CVBS ಎಂದು ಮುದ್ರಿತವಾಗಿರುತ್ತದೆ. ಜಾಗ ಉಳಿಸಲೆಂದು ಮೂರು ಸಾಕೆಟ್‌ಗಳನ್ನು ಒಂದರಲ್ಲಿಯೇ ಅಡಗಿಸಿರುವ ವ್ಯವಸ್ಥೆಯಿದು. ಒಂದು ತುದಿಯಲ್ಲಿ 3.5 ಮಿಲಿಮೀಟರ್ ದಪ್ಪದ ಚಿಕ್ಕ ಪಿನ್, ಇನ್ನೊಂದು ತುದಿಯಲ್ಲಿ ಮೂರು ಬಣ್ಣದ ಪಿನ್ನುಗಳಿರುವ ಕೇಬಲ್ ಇದಕ್ಕೆ ಬೇಕು. ಅನೇಕರು ಈ ರಂಧ್ರವನ್ನು ಇಯರ್‌ಫೋನಿನದೆಂದೇ ಭಾವಿಸಿ, ಬಾಕ್ಸಿನಲ್ಲಿ ಎಚ್‌ಡಿಎಂಐ ಮಾತ್ರ ಇದೆಯೆಂದು ತಪ್ಪಾಗಿ ತೀರ್ಮಾನಿಸುತ್ತಾರೆ.

ಮೂರನೆಯದು, ಟಿವಿಗೆ ಹೋಗುವ ದಾರಿಯಾಗಿ HDMI ಎಂದು ಬರೆದ ಚಪ್ಪಟೆ ರಂಧ್ರವೊಂದೇ ಇರುವುದು. ಆಗ ಮಾತ್ರ ನಡುವೆ ಒಂದು ಪರಿವರ್ತಕ ಪೆಟ್ಟಿಗೆ ಬೇಕಾಗುತ್ತದೆ.

ಒಂದೇ ಪಿನ್ನಿನ ಕೇಬಲ್ಲಿನ ತೊಡಕು

ಎರಡನೆಯ ಸ್ಥಿತಿಯಲ್ಲಿಯೇ ಹೆಚ್ಚು ಮನೆಗಳು ಸಿಲುಕುತ್ತವೆ. ಅಂಗಡಿಯಿಂದ ತಂದ ಕೇಬಲ್ ನೋಡಲು ಸರಿಯಾಗಿಯೇ ಇರುತ್ತದೆ. ಹಾಕಿದರೆ ಚಿತ್ರ ಬರುವುದಿಲ್ಲ. ಬಾಕ್ಸ್ ಕೆಟ್ಟಿದೆಯೆಂದು ಹಿಂದಿರುಗಿಸುವವರೂ ಇದ್ದಾರೆ.

ಕಾರಣ ಹೀಗಿದೆ. ಆ ಚಿಕ್ಕ ಪಿನ್ನನ್ನು ಹತ್ತಿರದಿಂದ ನೋಡಿದರೆ ಅದರ ಮೇಲೆ ಮೂರು ತೆಳುವಾದ ಗೆರೆಗಳು ಕಾಣುತ್ತವೆ. ಆ ಮೂರು ಗೆರೆಗಳು ಪಿನ್ನನ್ನು ನಾಲ್ಕು ಲೋಹದ ಭಾಗಗಳಾಗಿ ಬೇರ್ಪಡಿಸುತ್ತವೆ: ಒಂದು ಚಿತ್ರಕ್ಕೆ, ಎರಡು ಧ್ವನಿಗೆ, ಇನ್ನೊಂದು ಎಲ್ಲಕ್ಕೂ ಸಾಮಾನ್ಯವಾಗಿ ವಿದ್ಯುತ್ ಹಿಂದಿರುಗುವ ಗ್ರೌಂಡ್ ತಂತಿಗೆ. ಎರಡೇ ಗೆರೆಗಳಿದ್ದರೆ ಅದು ಹಾಡು ಕೇಳುವ ಕೇಬಲ್. ಅದರಲ್ಲಿ ಚಿತ್ರ ಸಾಗುವುದಿಲ್ಲ. ಮೂರು ಗೆರೆಗಳಿದ್ದರೂ ಯಾವ ಭಾಗದಲ್ಲಿ ಯಾವುದು ಇರಬೇಕು ಎಂಬ ವಿಷಯದಲ್ಲಿ ತಯಾರಕರೆಲ್ಲರೂ ಒಂದೇ ಕ್ರಮವನ್ನು ಅನುಸರಿಸುವುದಿಲ್ಲ. ಒಬ್ಬರ ಬಾಕ್ಸಿನಲ್ಲಿ ಚಿತ್ರ ಹೊರಡುವ ಜಾಗದಲ್ಲಿ ಇನ್ನೊಬ್ಬರ ಕೇಬಲ್ಲಿನ ಧ್ವನಿಯ ತಂತಿ ಇರಬಹುದು.

ಇದನ್ನು ಪರೀಕ್ಷಿಸುವುದು ಸುಲಭ. ಕೇಬಲ್ಲಿನ ಮೂರು ಬಣ್ಣದ ಪಿನ್ನುಗಳನ್ನು ಒಂದಾದ ಮೇಲೊಂದರಂತೆ ಟಿವಿಯ ಹಳದಿ ಸಾಕೆಟ್ಟಿಗೆ ಹಾಕಿ ನೋಡಬೇಕು. ಯಾವ ಪಿನ್ನಿನಲ್ಲಿ ಚಿತ್ರ ಬರುತ್ತದೆಯೋ ಅದನ್ನು ಅಲ್ಲಿಯೇ ಬಿಟ್ಟು, ಉಳಿದೆರಡನ್ನು ಬಿಳಿ ಮತ್ತು ಕೆಂಪು ಸಾಕೆಟ್ಟಿಗೆ ಹಾಕಬೇಕು. ಪಿನ್ನಿನ ಬಣ್ಣ ಹೊಂದದಿದ್ದರೂ ಯಾವ ಹಾನಿಯೂ ಇಲ್ಲ. ಮೂರನ್ನೂ ಪ್ರಯತ್ನಿಸಿದ ಮೇಲೂ ಚಿತ್ರ ನಿಲ್ಲದೆ ಉರುಳುತ್ತಿದ್ದರೆ, ಅಥವಾ ಮಂಕಾಗಿ ಕಂಡು ಧ್ವನಿಯಲ್ಲಿ ಗುಂಯ್‌ಗುಡುವ ಸದ್ದು ಬೆರೆತರೆ, ಗ್ರೌಂಡ್ ತಂತಿಯೇ ಬೇರೆ ಜಾಗದಲ್ಲಿದೆ ಎಂದು ತಿಳಿಯಬೇಕು. ಆ ಕೇಬಲ್ ಆ ಬಾಕ್ಸಿಗೆ ಹೊಂದುವುದೇ ಇಲ್ಲ. ಅಂಗಡಿಗೆ ಹೋಗುವಾಗ ಬಾಕ್ಸನ್ನೇ ಜೊತೆಗೆ ಒಯ್ದು, ಅಲ್ಲಿಯೇ ಹಾಕಿ ನೋಡಿ ಬೇರೆ ಕೇಬಲ್ ಪಡೆಯುವುದು ಜಾಣತನ.

ಎಚ್‌ಡಿಎಂಐ ಮಾತ್ರ ಇರುವಾಗ

ಎಚ್‌ಡಿಎಂಐ ರಂಧ್ರದಿಂದ ಹೊರಡುವುದು ಅಂಕಿಗಳ ರೂಪದ ಸಂಕೇತ. ಹಳೆಯ ಟಿವಿಗೆ ಬೇಕಾದದ್ದು ಏರಿಳಿಯುವ ವಿದ್ಯುತ್ ಅಲೆ. ಒಂದನ್ನು ಇನ್ನೊಂದಾಗಿ ಮಾಡಲು ನಡುವೆ ಒಂದು ಚಿಪ್ ಕೆಲಸ ಮಾಡಬೇಕು, ಅದಕ್ಕೆ ವಿದ್ಯುತ್ ಬೇಕು. ಒಂದು ತುದಿಯಲ್ಲಿ ಎಚ್‌ಡಿಎಂಐ ಪಿನ್, ಇನ್ನೊಂದರಲ್ಲಿ ಮೂರು ಬಣ್ಣದ ಪಿನ್ನುಗಳಷ್ಟೇ ಇರುವ ಬರಿಯ ತಂತಿಗಳೂ ಮಾರುಕಟ್ಟೆಯಲ್ಲಿವೆ. ಅವುಗಳಲ್ಲಿ ಚಿಪ್ ಇಲ್ಲವಾದ್ದರಿಂದ ಸೆಟ್‌ಟಾಪ್ ಬಾಕ್ಸಿಗೆ ಅವು ಉಪಯೋಗವಿಲ್ಲ. ಅವನ್ನು ಕೊಂಡರೆ ಹಣ ದಂಡ.

ಕೊಳ್ಳಬೇಕಾದದ್ದು ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ, HDMI2AV ಎಂದು ಮುದ್ರಿತವಾದ ಪೆಟ್ಟಿಗೆ. ಅದನ್ನೇ ಹೋಲುವ AV2HDMI ಎಂಬ ಇನ್ನೊಂದು ಪೆಟ್ಟಿಗೆಯೂ ಅದೇ ಅಂಗಡಿಯಲ್ಲಿರುತ್ತದೆ. ಅದು ಹಳೆಯ ಬಾಕ್ಸನ್ನು ಹೊಸ ಟಿವಿಗೆ ಸೇರಿಸುವಂಥದ್ದು. ಒಂದರ ಬದಲು ಇನ್ನೊಂದು ನಡೆಯದು. ಹೆಸರನ್ನು ಎಡದಿಂದ ಬಲಕ್ಕೆ ಓದಿದರೆ ಸಂಕೇತ ಸಾಗುವ ದಿಕ್ಕು ತಿಳಿಯುತ್ತದೆ: ಎಚ್‌ಡಿಎಂಐಯಿಂದ ಎವಿಗೆ. ಬಾಕ್ಸಿನಿಂದ ಪೆಟ್ಟಿಗೆಗೆ ಒಂದು ಎಚ್‌ಡಿಎಂಐ ತಂತಿ, ಪೆಟ್ಟಿಗೆಯಿಂದ ಟಿವಿಗೆ ಸಾಮಾನ್ಯ ಎವಿ ಕೇಬಲ್, ಪೆಟ್ಟಿಗೆಗೆ 5 ವೋಲ್ಟ್ ವಿದ್ಯುತ್ತಿಗಾಗಿ ಒಂದು ಯುಎಸ್‌ಬಿ ತಂತಿ, ಹೀಗೆ ಮೂರು ಸಂಪರ್ಕಗಳು. ಮೊಬೈಲ್ ಚಾರ್ಜರಿನಿಂದಲೇ ಈ ವಿದ್ಯುತ್ ಕೊಡಬಹುದು.

ಪೆಟ್ಟಿಗೆಯ ಬದಿಯಲ್ಲಿ PAL ಮತ್ತು NTSC ಎಂಬ ಎರಡು ಸ್ಥಾನಗಳ ಚಿಕ್ಕ ಸ್ವಿಚ್ ಇರುತ್ತದೆ. ಭಾರತದ ಟಿವಿಗಳು ಪಾಲ್ ಪದ್ಧತಿಯವು. ಆದ್ದರಿಂದ ಸ್ವಿಚ್ PAL ಕಡೆಗಿರಬೇಕು. ಅದು ಇನ್ನೊಂದು ಕಡೆಗಿದ್ದರೆ ಹಲವು ಹಳೆಯ ಟಿವಿಗಳಲ್ಲಿ ಚಿತ್ರ ಕಪ್ಪುಬಿಳುಪಾಗಿ ಬರುತ್ತದೆ, ಇಲ್ಲವೇ ಮೇಲಿನಿಂದ ಕೆಳಕ್ಕೆ ಉರುಳುತ್ತದೆ. ಬಾಕ್ಸಿನ ಚಿತ್ರ ಪಟ್ಟಿಯಲ್ಲಿ 576p ಅಥವಾ 50 ಹರ್ಟ್ಸಿನ 720p ಆರಿಸಿದರೆ ಪೆಟ್ಟಿಗೆಯ ಕೆಲಸ ಹಗುರವಾಗುತ್ತದೆ. 1080p ಕೊಟ್ಟರೂ ಹಳೆಯ ಟಿವಿಯಲ್ಲಿ ಚಿತ್ರವೇನೂ ಹೆಚ್ಚು ಸ್ಪಷ್ಟವಾಗುವುದಿಲ್ಲ.

ಒಂದು ಮಿತಿಯನ್ನೂ ತಿಳಿದಿರಬೇಕು. ಕೆಲವು ಬಾಕ್ಸ್‌ಗಳು ಎಚ್‌ಡಿಎಂಐ ಮೂಲಕ ಚಿತ್ರ ಕಳುಹಿಸುವ ಮುನ್ನ ಎದುರಿನ ಉಪಕರಣ ನಕಲು ತಡೆಯುವ ವ್ಯವಸ್ಥೆಗೆ ಒಪ್ಪುತ್ತದೆಯೇ ಎಂದು ವಿಚಾರಿಸುತ್ತವೆ. ಅಗ್ಗದ ಪೆಟ್ಟಿಗೆ ಅದಕ್ಕೆ ಸರಿಯಾಗಿ ಉತ್ತರಿಸದಿದ್ದರೆ ಬಾಕ್ಸಿನ ಪಟ್ಟಿ ಕಂಡು, ವಾಹಿನಿ ಮಾತ್ರ ಕಪ್ಪಾಗಿ ಉಳಿಯಬಹುದು, ಅಥವಾ ಪರದೆಯ ಮೇಲೆ HDCP ಎಂಬ ಸೂಚನೆ ಮೂಡಬಹುದು. ಆ ಪೆಟ್ಟಿಗೆಯನ್ನು ದುರಸ್ತಿ ಮಾಡಿ ಪ್ರಯೋಜನವಿಲ್ಲ, ಬದಲಿಸಿಕೊಳ್ಳಬೇಕು. ಎವಿ ರಂಧ್ರವಿರುವ ಬಾಕ್ಸಾದರೆ ಈ ತೊಂದರೆಯೇ ಇಲ್ಲ. ಆದ್ದರಿಂದ ಹೊಸ ಬಾಕ್ಸ್ ಕೊಳ್ಳುವಾಗಲೇ ಎವಿ ರಂಧ್ರವಿರುವುದನ್ನು ಕೇಳಿ ಪಡೆಯುವುದು ಒಳ್ಳೆಯದು.

ಒಂದು ಮನೆಯ ಉದಾಹರಣೆ

ಜತ್ತ ತಾಲ್ಲೂಕಿನ ಹಳ್ಳಿಯೊಂದರ ಮನೆಯಲ್ಲಿ 21 ಇಂಚಿನ ಹಳೆಯ ಟಿವಿ ಇದೆ, ಹೊಸದಾಗಿ ತಂದ ಫ್ರೀ ಡಿಶ್ ಬಾಕ್ಸಿನಲ್ಲಿ ಎಚ್‌ಡಿಎಂಐ ಮತ್ತು ಒಂದು ದುಂಡು ಎವಿ ರಂಧ್ರವಿದೆ ಎಂದು ಭಾವಿಸೋಣ. ಡಿಶ್ ಮೊದಲಿನದೇ.

ಮೊದಲು ಟಿವಿ ಮತ್ತು ಬಾಕ್ಸ್ ಎರಡರ ಪ್ಲಗ್ಗನ್ನೂ ಗೋಡೆಯಿಂದ ತೆಗೆಯಬೇಕು. ಸ್ವಿಚ್ ಆರಿಸಿದರೆ ಸಾಲದು. ಪ್ಲಗ್ ಹೊರಗಿದ್ದರೆ ತಂತಿ ಹಾಕುವಾಗ ಕೈಗೆ ಜುಮ್ಮೆನ್ನುವ ಶಾಕ್ ತಗುಲುವುದಿಲ್ಲ. ಡಿಶ್ಶಿನಿಂದ ಬಂದ ತಂತಿಯನ್ನು ಬಾಕ್ಸಿಗೆ ತಿರುಗಿಸಿ ಬಿಗಿದು, ಚಿಕ್ಕ ಪಿನ್ನನ್ನು ಎವಿ ರಂಧ್ರಕ್ಕೆ ಪೂರ್ತಿಯಾಗಿ ಒತ್ತಿ, ಬಣ್ಣದ ಪಿನ್ನುಗಳನ್ನು ಟಿವಿಗೆ ಹಾಕಬೇಕು. ಚಿಕ್ಕ ಪಿನ್ ಸ್ವಲ್ಪ ಹೊರಗೆ ಉಳಿದರೂ ಅದರ ನಾಲ್ಕು ಭಾಗಗಳು ಜಾಗ ತಪ್ಪುತ್ತವೆ.

ಎರಡನ್ನೂ ಚಾಲೂ ಮಾಡಿದಾಗ ಟಿವಿಯಲ್ಲಿ ಬರಿಯ ಚುಕ್ಕಿಗಳು ಕುಣಿಯುತ್ತವೆ. ಇದು ದೋಷವಲ್ಲ, ಟಿವಿ ಇನ್ನೂ ಆಂಟೆನಾದ ದಾರಿಯನ್ನೇ ನೋಡುತ್ತಿದೆ. ರಿಮೋಟಿನಲ್ಲಿ AV, TV/AV ಅಥವಾ VIDEO ಎಂಬ ಗುಂಡಿ ಒತ್ತಬೇಕು. ಟಿವಿಯ ರಿಮೋಟ್ ಕಳೆದಿದ್ದರೆ ಟಿವಿಯ ಮುಂಭಾಗದ ಗುಂಡಿಗಳಲ್ಲಿ ವಾಹಿನಿ ಸಂಖ್ಯೆಯನ್ನು ಸೊನ್ನೆಗೆ, ಅಲ್ಲಿಂದ ಇನ್ನೂ ಕೆಳಕ್ಕೆ ಇಳಿಸಿ ನೋಡಬೇಕು. ಅನೇಕ ಟಿವಿಗಳಲ್ಲಿ ಎವಿ ಅಲ್ಲಿರುತ್ತದೆ. ಮುಂಬದಿ ಮತ್ತು ಹಿಂಬದಿ ಎರಡೂ ಕಡೆ ಸಾಕೆಟ್‌ಗಳಿರುವ ಟಿವಿಯಲ್ಲಿ AV1, AV2 ಎಂದು ಎರಡು ಸಿಗುತ್ತವೆ, ಎರಡನ್ನೂ ನೋಡಬೇಕು.

ಈಗ ಚುಕ್ಕಿಗಳು ಹೋಗಿ ಪರದೆ ಕಪ್ಪಾಯಿತು. ಧ್ವನಿಯ ಏರಿಳಿತಕ್ಕೆ ತಕ್ಕಂತೆ ಅದರ ಮೇಲೆ ಮಸುಕಾದ ಗೆರೆಗಳು ಮಿನುಗುತ್ತಿವೆ. ಸ್ಪೀಕರಿನಿಂದ ಜೋರಾದ ಗುಂಯ್‌ಗುಡುವ ಸದ್ದು. ಇದು ಕೆಟ್ಟ ಲಕ್ಷಣದಂತೆ ಕಂಡರೂ ವಾಸ್ತವವಾಗಿ ಶುಭಸೂಚನೆ: ಬಾಕ್ಸ್ ಕೆಲಸ ಮಾಡುತ್ತಿದೆ, ಆದರೆ ಧ್ವನಿಯು ಚಿತ್ರದ ಸಾಕೆಟ್ಟಿಗೂ ಚಿತ್ರವು ಧ್ವನಿಯ ಸಾಕೆಟ್ಟಿಗೂ ಹೋಗುತ್ತಿದೆ. ಕೆಂಪು ಪಿನ್ನನ್ನು ಹಳದಿ ಸಾಕೆಟ್ಟಿಗೆ, ಹಳದಿ ಪಿನ್ನನ್ನು ಕೆಂಪು ಸಾಕೆಟ್ಟಿಗೆ ಬದಲಿಸಿದಾಗ ಬಾಕ್ಸಿನ ಪಟ್ಟಿ ಬಣ್ಣದಲ್ಲಿ ಮೂಡುತ್ತದೆ.

ವಾಹಿನಿಗಳನ್ನು ಹುಡುಕಿಸಿ ಚಂದನವನ್ನು ತಂದಾಗ ಇನ್ನೊಂದು ಸಂಗತಿ ಕಾಣುತ್ತದೆ. ಚಿತ್ರವೇನೋ ಬಂದಿದೆ, ಆದರೆ ಶಿಕ್ಷಕರ ಮುಖ ಉದ್ದಕ್ಕೆ ಎಳೆದಂತಿದೆ, ಅಕ್ಷರಗಳು ಇಕ್ಕಟ್ಟಾಗಿ ನಿಂತಿವೆ. ಸಂಪರ್ಕದ ಕೆಲಸ ಮುಗಿದರೂ ಚಿತ್ರದ ಆಕಾರ ಸರಿಪಡಿಸುವುದು ಬಾಕಿ ಇದೆ.

ಅಕ್ಷರ ಓದಲು ಬರಬೇಕಾದರೆ

ಇಂದಿನ ಪ್ರಸಾರದ ಚಿತ್ರ 16:9 ಆಕಾರದ್ದು, ಅಂದರೆ ಹೆಚ್ಚು ಅಗಲವಾದದ್ದು. ಹಳೆಯ ಪರದೆ 4:3 ಆಕಾರದ್ದು. ಅಗಲವಾದ ಚಿತ್ರವನ್ನು ಗಿಡ್ಡ ಅಗಲದ ಪರದೆಗೆ ಹೊಂದಿಸಲು ಬಾಕ್ಸಿನ ಪಟ್ಟಿಯಲ್ಲಿ ಮೂರು ದಾರಿಗಳಿರುತ್ತವೆ. 16:9 ಎಂದಿಟ್ಟರೆ ಚಿತ್ರವನ್ನು ಎರಡೂ ಬದಿಯಿಂದ ಹಿಸುಕಿ ಪರದೆ ತುಂಬಿಸುತ್ತದೆ. ಮುಖ ಉದ್ದವಾಗುವುದು ಇದರಿಂದಲೇ. 4:3PS ಎಂದಿಟ್ಟರೆ ಮುಖ ಸರಿಯಾಗುತ್ತದೆ, ಪರದೆಯೂ ತುಂಬುತ್ತದೆ, ಆದರೆ ಎಡದಲ್ಲಿ ಎಂಟನೆಯ ಒಂದು ಭಾಗ, ಬಲದಲ್ಲಿ ಎಂಟನೆಯ ಒಂದು ಭಾಗ ಕತ್ತರಿಸಿಹೋಗುತ್ತದೆ. 4:3LB ಎಂದಿಟ್ಟರೆ ಚಿತ್ರ ಪೂರ್ತಿಯಾಗಿ ಉಳಿದು, ಮೇಲೆ ಮತ್ತು ಕೆಳಗೆ ಕಪ್ಪು ಪಟ್ಟಿ ಬರುತ್ತದೆ.

ಚಲನಚಿತ್ರಕ್ಕೆ ಎರಡನೆಯದನ್ನು ಅನೇಕರು ಇಷ್ಟಪಡುತ್ತಾರೆ. ಪಾಠಕ್ಕೆ ಮೂರನೆಯದೇ ಸರಿ. ಹಲಗೆಯ ಮೇಲಿನ ಸಾಲು ಪರದೆಯ ಅಂಚಿನವರೆಗೂ ಇರುತ್ತದೆ. ಎರಡು ಬದಿ ಕತ್ತರಿಸಿದರೆ ಸಾಲಿನ ಮೊದಲ ಪದವೂ ಕೊನೆಯ ಪದವೂ ಹೋಗಿ ಲೆಕ್ಕವೇ ತಪ್ಪುತ್ತದೆ.

ಆದರೆ ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಪಾಲ್ ಪದ್ಧತಿಯಲ್ಲಿ ಚಿತ್ರವನ್ನು ಬಿಡಿಸುವುದು 576 ಅಡ್ಡಗೆರೆಗಳು. ಕಪ್ಪು ಪಟ್ಟಿ ಬಂದಾಗ ಅದರ ಮುಕ್ಕಾಲು ಪಾಲು, ಅಂದರೆ 432 ಗೆರೆಗಳು ಮಾತ್ರ ಚಿತ್ರಕ್ಕೆ ಸಿಗುತ್ತವೆ. ಚಿತ್ರದ ಎತ್ತರದ ಇಪ್ಪತ್ತನೆಯ ಒಂದು ಭಾಗದಷ್ಟು ಎತ್ತರದ ಬರಹವಿದ್ದರೆ ಅದಕ್ಕೆ ಸುಮಾರು 21 ಗೆರೆಗಳು ದೊರೆತವು. ಇಂಗ್ಲಿಷಿನ ಅಕ್ಷರಕ್ಕೆ ಅಷ್ಟು ಸಾಕು. ಕನ್ನಡದಲ್ಲಿ ಅದೇ ಎತ್ತರದೊಳಗೆ ತಲೆಕಟ್ಟು, ಮೂಲಾಕ್ಷರ, ಕೆಳಗಿನ ಒತ್ತು ಮೂರೂ ಹಿಡಿಯಬೇಕು. ಒತ್ತಿನ ಪಾಲಿಗೆ ಏಳೆಂಟು ಗೆರೆಗಳಷ್ಟೇ ಉಳಿಯುತ್ತವೆ. ‘ವಿಜ್ಞಾನ’ದ ಞ ಒತ್ತು, ‘ರಾಷ್ಟ್ರ’ದ ಕೆಳಗಿನ ಎರಡು ಒತ್ತುಗಳು ಮೊದಲು ಕರಗುವುದು ಇದರಿಂದಲೇ.

ಕರಗುವುದನ್ನು ಪೂರ್ತಿ ತಡೆಯಲಾಗದಿದ್ದರೂ ಗಣನೀಯವಾಗಿ ಕಡಿಮೆ ಮಾಡಬಹುದು. ಬೆಳಕು ಮತ್ತು ಬಣ್ಣ ಒಂದೇ ತಂತಿಯಲ್ಲಿ ಬೆರೆತು ಬರುತ್ತವೆ ಎಂದು ಮೊದಲೇ ಹೇಳಿದೆವು. ಟಿವಿ ಅವನ್ನು ಬೇರ್ಪಡಿಸುವಾಗ ಅಕ್ಷರದ ತೆಳುವಾದ ಅಂಚನ್ನು ಬಣ್ಣವೆಂದು ಭ್ರಮಿಸುತ್ತದೆ. ಅಂಚಿನಲ್ಲಿ ಕಾಮನಬಿಲ್ಲಿನಂತಹ ಬಣ್ಣಗಳು ಹರಿದಾಡುವುದು ಇದರಿಂದ. ಪಾಠದ ಹೊತ್ತಿನಲ್ಲಿ ಟಿವಿಯ ಬಣ್ಣವನ್ನು ಅರ್ಧದಷ್ಟು ತಗ್ಗಿಸಿದರೆ ಈ ಹರಿದಾಟ ತಗ್ಗುತ್ತದೆ. ಟಿವಿಯ ಪಟ್ಟಿಯಲ್ಲಿ Sharpness ಎಂಬುದಿದ್ದರೆ ಅದನ್ನೂ ಏರಿಸದೆ ಇಳಿಸಬೇಕು. ಅದನ್ನು ಏರಿಸಿದರೆ ಅಕ್ಷರ ಸ್ಪಷ್ಟವಾಗುವುದರ ಬದಲು ಪ್ರತಿ ಅಂಚಿನ ಪಕ್ಕದಲ್ಲಿ ಇನ್ನೊಂದು ಬಿಳಿ ಗೆರೆ ಮೂಡಿ ಒತ್ತಕ್ಷರ ಮುಚ್ಚಿಹೋಗುತ್ತದೆ. Contrast ಅತಿಯಾದರೂ ಬಿಳಿ ಅಕ್ಷರ ಉಬ್ಬಿ ಒಂದರೊಳಗೊಂದು ಸೇರುತ್ತದೆ; ಬಿಳಿ ಅಕ್ಷರದ ನಡುವಿನ ಕಪ್ಪು ಕಿಂಡಿಗಳು ಕಾಣುವವರೆಗೆ ಅದನ್ನು ಇಳಿಸಬೇಕು.

ಸರಿಯಾಗಿದೆಯೇ ಎಂದು ಅರಿಯಲು ಒಂದು ಸರಳ ಪರೀಕ್ಷೆ ಸಾಕು. ಪರದೆಯ ಮೇಲೆ ಕನ್ನಡ ಬರಹವಿರುವಾಗ ಮಗುವನ್ನು ತಾನು ಸದಾ ಕೂರುವ ಜಾಗದಲ್ಲಿಯೇ ಕೂರಿಸಿ, ಒತ್ತಕ್ಷರವಿರುವ ಎರಡು ಮೂರು ಪದಗಳನ್ನು ಓದಿಸಬೇಕು. ಪದವನ್ನು ಊಹಿಸಿ ಓದದಂತೆ, ಪರಿಚಯವಿಲ್ಲದ ಊರು ಅಥವಾ ವ್ಯಕ್ತಿಯ ಹೆಸರನ್ನು ಆರಿಸುವುದು ಮೇಲು. ತಡವರಿಸಿದರೆ ಚಾಪೆಯನ್ನು ಸ್ವಲ್ಪ ಮುಂದಕ್ಕೆ ಎಳೆಯಬೇಕು.

ಎಲ್ಲಿಗೆ ನಿಲ್ಲಿಸಬೇಕು

ಬೇರೊಂದು ಟಿವಿಯಲ್ಲಿ ಅದೇ ಬಾಕ್ಸ್ ಮತ್ತು ಅದೇ ಕೇಬಲ್ ಕೆಲಸ ಮಾಡಿ, ನಿಮ್ಮ ಟಿವಿಯಲ್ಲಿ ಮಾತ್ರ ಏನೂ ಬರದಿದ್ದರೆ ದೋಷ ಟಿವಿಯ ಸಾಕೆಟ್ಟಿನಲ್ಲಿದೆ. ಪಿನ್ನನ್ನು ನಿಧಾನವಾಗಿ ಅಲುಗಿಸಿದಾಗ ಚಿತ್ರ ಬಂದು ಹೋಗುತ್ತಿದ್ದರೆ ಒಳಗಿನ ಬೆಸುಗೆ ಬಿಟ್ಟಿರುತ್ತದೆ; ಟಿವಿ ರಿಪೇರಿಯವರಿಗೆ ಅದು ಚಿಕ್ಕ ಕೆಲಸ. ಮನೆಯಲ್ಲಿಯೇ ಹಿಂಬದಿಯ ಮುಚ್ಚಳ ತೆಗೆಯುವ ಸಾಹಸ ಬೇಡ. ಪಿಕ್ಚರ್ ಟ್ಯೂಬಿನಲ್ಲಿ ಪ್ಲಗ್ ಕಿತ್ತ ಮೇಲೂ ಸಾವಿರಾರು ವೋಲ್ಟಿನ ವಿದ್ಯುತ್ ಉಳಿದಿರಬಲ್ಲದು.

ಗುಡುಗು ಮಿಂಚಿನ ಸಮಯದಲ್ಲಿ ಎರಡೂ ಪ್ಲಗ್‌ಗಳ ಜೊತೆಗೆ ಡಿಶ್ಶಿನ ತಂತಿಯನ್ನೂ ಬಾಕ್ಸಿನಿಂದ ಬಿಚ್ಚಿಡಬೇಕು. ಮಿಂಚಿನ ವಿದ್ಯುತ್ ಆ ತಂತಿಯಿಂದ ಬಾಕ್ಸಿಗೂ, ಬಾಕ್ಸಿನಿಂದ ಹಳದಿ ತಂತಿಯ ಮೂಲಕ ಟಿವಿಗೂ ದಾಟಬಹುದು. ಸಿಡಿಲು ಆರಂಭವಾದ ಮೇಲೆ ತಂತಿಗೆ ಕೈ ಹಾಕಬಾರದು. ಮೋಡ ಕವಿಯುತ್ತಿರುವಾಗಲೇ ಬಿಚ್ಚಿಡಬೇಕು. ಮರಳಿ ಹಾಕುವಾಗ ಯಾವ ಪಿನ್ ಯಾವ ಸಾಕೆಟ್ಟಿಗೆ ಎಂಬುದು ಮರೆಯದಂತೆ, ವಿಶೇಷವಾಗಿ ಕೆಂಪು ಪಿನ್ ಹಳದಿ ಸಾಕೆಟ್ಟಿನಲ್ಲಿರುವ ಮನೆಗಳಲ್ಲಿ, ಪಿನ್ನಿಗೆ ಒಂದು ಕಾಗದದ ಚೀಟಿ ಅಂಟಿಸಿ ‘ಚಿತ್ರ’ ಎಂದು ಬರೆದಿಡಿ.